ಪ್ಯಾನಿಕ್ ಡಿಸಾರ್ಡರ್: ಶಿಡ್ಲಘಟ್ಟದ ರೇಷ್ಮೆ ನೂಲು ಘಟಕದ ಮಹಿಳೆಯೊಬ್ಬರ ಪ್ರಕರಣ ವರದಿ

(ತರಬೇತಿಯಲ್ಲಿರುವ ವೈದ್ಯರು ಮತ್ತು ಆಪ್ತಸಮಾಲೋಚಕರಿಗಾಗಿ ರಚಿಸಿದ ಕಲ್ಪಿತ ಪ್ರಕರಣ)

ದೂರು ಮತ್ತು ರೋಗದ ಇತಿಹಾಸ

ಶ್ರೀಮತಿ ಸ., 32 ವರ್ಷ, ವಿವಾಹಿತೆ, ಇಬ್ಬರು ಮಕ್ಕಳ ತಾಯಿ. ಶಿಡ್ಲಘಟ್ಟದಲ್ಲಿ ಮನೆಗೆ ಹೊಂದಿಕೊಂಡಿರುವ ನೂಲು ಬಿಚ್ಚಾಣಿಕೆ ಘಟಕದಲ್ಲಿ ಗಂಡನೊಂದಿಗೆ ದುಡಿಯುತ್ತಾರೆ. ಐದು ತಿಂಗಳಿಂದ ಆಗಾಗ ಎದೆ ಡವಗುಟ್ಟುವುದು, ಉಸಿರು ಕಟ್ಟಿದಂತಾಗುವುದು ಮತ್ತು ‘ಈಗಲೇ ಜೀವ ಹೋಗುತ್ತದೆ’ ಎಂಬ ಭಯ ಇವರ ಮುಖ್ಯ ದೂರು.

ಮೊದಲ ಸಲ ಇದು ಬಂದದ್ದು ಗೂಡು ಬೇಯಿಸುವ ಬಿಸಿನೀರಿನ ಮುಂದೆ ಕುಳಿತಿದ್ದಾಗ. ಎದೆಬಡಿತ ಏರಿ, ಬೆವರೊಡೆದು, ಕೈಬೆರಳುಗಳು ಜುಮುಗುಟ್ಟಿ, ತಲೆ ಸುತ್ತಿ, ಸುತ್ತಲಿನದೆಲ್ಲ ದೂರ ಸರಿದಂತೆ ಕಂಡಿತು. ಕೆಲವೇ ನಿಮಿಷಗಳಲ್ಲಿ ತುತ್ತತುದಿಗೇರಿ, ಅರ್ಧ ಗಂಟೆಯೊಳಗೆ ಇಳಿಯಿತು. ಆಮೇಲೆ ಅದು ಘಟಕಕ್ಕಷ್ಟೇ ಸೀಮಿತವಾಗಿ ಉಳಿಯಲಿಲ್ಲ. ಟಿವಿ ನೋಡುವಾಗ ಬಂದಿದೆ, ಎರಡು ಬಾರಿ ನಿದ್ದೆಯಿಂದಲೇ ಎಬ್ಬಿಸಿದೆ. ಈಗ ವಾರಕ್ಕೆ ಎರಡು ಮೂರು ಸಲ ಬರುತ್ತದೆ.

ಮನೆಯವರು ಮೊದಲು ಗ್ಯಾಸ್ಟ್ರಿಕ್ ಎಂದುಕೊಂಡರು, ನಂತರ ಗಾಳಿ ಸೋಕಿರಬೇಕೆಂದು ತಾಯತ ಕಟ್ಟಿಸಿದರು. ತುರ್ತು ಚಿಕಿತ್ಸೆಗೆ ಹೋದಾಗಲೆಲ್ಲ ಇಸಿಜಿ ತೆಗೆದು ‘ಏನೂ ಇಲ್ಲ’ ಎಂದು ಕಳುಹಿಸಲಾಗಿದೆ. ಈ ಮಾತು ರೋಗಿಗೆ ಸಮಾಧಾನ ತಂದಿಲ್ಲ. ಏನೋ ಇದೆ, ಇನ್ನೂ ಸಿಕ್ಕಿಲ್ಲ ಎಂದೇ ಅವರು ಅರ್ಥಮಾಡಿಕೊಂಡಿದ್ದಾರೆ. ಎರಡು ತಿಂಗಳಿಂದ ಒಬ್ಬರೇ ಬಸ್ಸು ಹತ್ತುತ್ತಿಲ್ಲ, ಗೂಡಿನ ಮಾರುಕಟ್ಟೆಯ ಜನಜಂಗುಳಿಗೆ ಹೋಗುತ್ತಿಲ್ಲ. ಕೈಯಲ್ಲಿ ನೀರಿನ ಬಾಟಲಿ, ಜೊತೆಯಲ್ಲಿ ವಾರಗಿತ್ತಿ ಇಲ್ಲದೆ ಹೊರಡುವುದಿಲ್ಲ.

ಪರೀಕ್ಷೆಗಳು

ನಾಡಿ ನಿಮಿಷಕ್ಕೆ 88, ರಕ್ತದೊತ್ತಡ 124/80. ಹಿಮೋಗ್ಲೋಬಿನ್, ರಕ್ತದ ಸಕ್ಕರೆ, ಟಿಎಸ್‌ಎಚ್ ಮತ್ತು ಇಸಿಜಿ ಸಹಜವಾಗಿವೆ. ಗೂಡಿನ ಧೂಳು ಮತ್ತು ರೇಷ್ಮೆಯ ಪ್ರೋಟೀನುಗಳಿಂದ ಬಿಚ್ಚಾಣಿಕೆಯವರಿಗೆ ಅಸ್ತಮಾ ಬರುವುದುಂಟು. ಆದ್ದರಿಂದ ಇಂಥ ಕಸುಬಿನವರಲ್ಲಿ ಉಸಿರಿನ ದೂರನ್ನು ಮನಸ್ಸಿನ ಲೆಕ್ಕಕ್ಕೆ ಹಾಕುವ ಆತುರ ಸಲ್ಲದು. ಸ್ಪೈರೋಮೆಟ್ರಿ ಸಹಜವಾಗಿತ್ತು. ಎರಡು ವಾರ ಕೆಲಸದ ದಿನ ಮತ್ತು ಬಿಡುವಿನ ದಿನಗಳಲ್ಲಿ ಅಳೆದ ಪೀಕ್ ಫ್ಲೋನಲ್ಲಿ ಗಮನಾರ್ಹ ಏರುಪೇರು ಕಾಣಲಿಲ್ಲ. ಉಬ್ಬಸ, ಕೆಮ್ಮು ಇಲ್ಲ.

ಮಾನಸಿಕ ಸ್ಥಿತಿ ಪರೀಕ್ಷೆಯಲ್ಲಿ ಆತಂಕ ಎದ್ದುಕಂಡಿತು. ಭ್ರಮೆ, ಆತ್ಮಹತ್ಯೆಯ ಆಲೋಚನೆ ಇಲ್ಲ. ಮದ್ಯ, ತಂಬಾಕಿನ ಅಭ್ಯಾಸವಿಲ್ಲ. ಆದರೆ ದಿನಕ್ಕೆ ಆರೇಳು ಲೋಟ ಕಾಫಿ, ಟೀ ಕುಡಿಯುತ್ತಾರೆ. ಪ್ಯಾನಿಕ್ ತೀವ್ರತೆಯ ಮಾಪಕದಲ್ಲಿ (ಪಿಡಿಎಸ್‌ಎಸ್) 28ಕ್ಕೆ 17 ಅಂಕ ಬಂದಿದೆ.

ರೋಗನಿರ್ಣಯ

ಡಿಎಸ್‌ಎಂ-5ರ ಪ್ರಕಾರ 13 ಲಕ್ಷಣಗಳಲ್ಲಿ ಕನಿಷ್ಠ ನಾಲ್ಕು ಇರುವ, ನಿರೀಕ್ಷೆಯಿಲ್ಲದೆ ಮರುಕಳಿಸುವ ಪ್ಯಾನಿಕ್ ಅಟ್ಯಾಕ್‌ಗಳಿದ್ದು, ಅವು ಮತ್ತೆ ಬರುವವೆಂಬ ಚಿಂತೆ ಅಥವಾ ಅವುಗಳಿಂದಾದ ವರ್ತನೆಯ ಬದಲಾವಣೆ ಒಂದು ತಿಂಗಳಾದರೂ ಉಳಿದಿರಬೇಕು. ಇವರಲ್ಲಿ ಎರಡೂ ಇವೆ. ವಿಶ್ರಾಂತಿಯಲ್ಲಿ ಮತ್ತು ನಿದ್ದೆಯಲ್ಲಿ ಬಂದ ಅಟ್ಯಾಕ್‌ಗಳು ಬಿಸಿ, ಹಬೆ ಅಥವಾ ಜನಸಂದಣಿಯ ಭಯವೊಂದೇ ಕಾರಣವಲ್ಲವೆಂದು ತೋರಿಸುತ್ತವೆ. ನಿರ್ಣಯ: ಪ್ಯಾನಿಕ್ ಡಿಸಾರ್ಡರ್ (ಐಸಿಡಿ-10: ಎಫ್41.0). ಬಸ್ಸು, ಸಂತೆಯಂಥ ಕಡೆ ಹೋಗದಿರುವುದು ಅಗೋರಾಫೋಬಿಯಾದತ್ತ ಬೆರಳು ಮಾಡುತ್ತದಾದರೂ ಡಿಎಸ್‌ಎಂ-5 ಸಾಮಾನ್ಯವಾಗಿ ಕೇಳುವ ಆರು ತಿಂಗಳ ಅವಧಿ ತುಂಬದ ಕಾರಣ ಸದ್ಯಕ್ಕೆ ಪ್ರತ್ಯೇಕವಾಗಿ ನಮೂದಿಸಿಲ್ಲ.

ಚಿಕಿತ್ಸಾ ಯೋಜನೆ

ಎಸ್ಸಿಟಾಲೊಪ್ರಾಮ್ 5 ಮಿ.ಗ್ರಾಂ ಬೆಳಿಗ್ಗೆ ಒಂದು ವಾರ, ಆಮೇಲೆ 10 ಮಿ.ಗ್ರಾಂ. ಮೊದಲ ವಾರಗಳಲ್ಲಿ ಚಡಪಡಿಕೆ ಹೆಚ್ಚಬಹುದೆಂದು ಮುಂಚೆಯೇ ಹೇಳದಿದ್ದರೆ ಪ್ಯಾನಿಕ್ ರೋಗಿಗಳು ಮಾತ್ರೆಯನ್ನು ಬಿಟ್ಟುಬಿಡುವ ಸಾಧ್ಯತೆ ಹೆಚ್ಚು. ಕ್ಲೊನಜೆಪಾಮ್ 0.25 ಮಿ.ಗ್ರಾಂ ದಿನಕ್ಕೆರಡು ಬಾರಿ ಎರಡು ವಾರ ಕೊಟ್ಟು, ಮುಂದಿನ ಎರಡು ವಾರಗಳಲ್ಲಿ ಇಳಿಸಿ ನಿಲ್ಲಿಸಬೇಕು. ಅವಲಂಬನೆಯ ಅಪಾಯವಲ್ಲದೆ, ಭಯ ತಾನಾಗಿಯೇ ಇಳಿಯುತ್ತದೆಂಬ ಅನುಭವಕ್ಕೂ ಅದು ಅಡ್ಡಬರುತ್ತದೆ. ಗರ್ಭಧಾರಣೆಯ ಯೋಚನೆ ಇದ್ದರೆ ಮೊದಲೇ ತಿಳಿಸಲು ಹೇಳಲಾಗಿದೆ.

ಅರಿವು-ವರ್ತನಾ ಚಿಕಿತ್ಸೆ ವಾರಕ್ಕೊಮ್ಮೆಯಂತೆ ಹನ್ನೆರಡು ಬಾರಿ ನಡೆಯುತ್ತದೆ. ಮೊದಲಿಗೆ, ವೇಗವಾಗಿ ಉಸಿರಾಡಿದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಜುಮುಗುಟ್ಟುವಿಕೆ ಮತ್ತು ತಲೆಸುತ್ತು ಬರುವುದನ್ನು ಒಂದು ನಿಮಿಷ ಬೇಕೆಂದೇ ಹಾಗೆ ಉಸಿರಾಡಿಸಿ ತೋರಿಸಲಾಗುವುದು. ಆ ಅನುಭವ ‘ಏನೂ ಇಲ್ಲ’ ಎಂಬ ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ನಂತರ ಮೆಟ್ಟಿಲು ಹತ್ತುವುದು, ಹಬೆಯಾಡುವ ಘಟಕದ ಬಾಗಿಲಲ್ಲಿ ನಿಲ್ಲುವುದು, ವಾರಗಿತ್ತಿಯೊಂದಿಗೆ ಚಿಕ್ಕಬಳ್ಳಾಪುರದ ಬಸ್ಸು ಹತ್ತುವುದು, ಕೊನೆಗೆ ಬಾಟಲಿಯಿಲ್ಲದೆ ಒಬ್ಬರೇ ಹೋಗಿಬರುವುದು. ಕಾಫಿ, ಟೀಯನ್ನು ಎರಡು ಲೋಟಕ್ಕೆ ಇಳಿಸಬೇಕು. ಹೊಸ ಲಕ್ಷಣ ಕಾಣದ ಹೊರತು ಇಸಿಜಿ ಮತ್ತೆ ತೆಗೆಸಬಾರದೆಂದು ಗಂಡನಿಗೂ ತಿಳಿಸಲಾಗಿದೆ. ತಾಯತ ತೆಗೆಯಲು ಒತ್ತಾಯಿಸಿಲ್ಲ.

ಮರುಭೇಟಿ 1, 2, 4, 8 ಮತ್ತು 12ನೇ ವಾರ. ನಡುವೆ ನೆರವು ಬೇಕಾದರೆ ಟೆಲಿ-ಮಾನಸ್ 14416. ಪಿಡಿಎಸ್‌ಎಸ್ ಅಂಕ 12 ವಾರಗಳಲ್ಲಿ ಅರ್ಧಕ್ಕೆ ಇಳಿಯದಿದ್ದರೆ ಔಷಧಿಯ ಪ್ರಮಾಣವನ್ನು ಮರುಪರಿಶೀಲಿಸಬೇಕು. ಗುಣ ಕಂಡರೆ ಕನಿಷ್ಠ ಒಂದು ವರ್ಷ ಮುಂದುವರಿಸಿ, ನಂತರ ಹಂತ ಹಂತವಾಗಿ ನಿಲ್ಲಿಸಬೇಕು.