ಇ–ಈ, ಉ–ಊ: ಇಂಗ್ಲಿಷ್ ಜೋಡಿ ಪದಗಳ ಅಭ್ಯಾಸ

ಈ ಹಾಳೆಯನ್ನು ಇಬ್ಬರು ಕೂತು ಬಳಸಬೇಕು. ಒಬ್ಬರು ಓದುವವರು, ಇನ್ನೊಬ್ಬರು ಕೇಳುವವರು. ಅರ್ಧ ಆದ ಮೇಲೆ ಅದಲು ಬದಲು ಮಾಡಿಕೊಳ್ಳಿ. ಕೇಳುವವರು ಹಾಳೆ ನೋಡಬಾರದು. ಇಂಗ್ಲಿಷ್ ಪದಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಸ್ಪೆಲಿಂಗ್ ಕಣ್ಣಿಗೆ ಬಿದ್ದರೆ ಬಾಯಿ ಅದರ ಹಿಂದೆ ಓಡುತ್ತದೆ.

ಮೊದಲು ಬಾಯಿ ಬಿಸಿ ಮಾಡಿಕೊಳ್ಳೋಣ. ನಿಮ್ಮದೇ ಭಾಷೆಯ ಪದಗಳು, ಜೋರಾಗಿ ಓದಿ:

ಬಿಡಿ – ಬೀಡಿ
ಕುಡಿ – ಕೂಡಿ
ಹುಡಿ – ಹೂಡಿ

ಹ್ರಸ್ವ, ದೀರ್ಘ ನಿಮಗೆ ಹೊಸದಲ್ಲ. ಚಿಕ್ಕಂದಿನಿಂದ ಕಿವಿಯಲ್ಲಿದೆ. ಎಷ್ಟೋ ಭಾಷೆಯವರಿಗೆ ಈ ಅನುಕೂಲ ಇಲ್ಲ. ಆದರೆ ಇಲ್ಲೇ ಒಂದು ತೊಡಕೂ ಇದೆ. ಕನ್ನಡದಲ್ಲಿ ಇ ಎಳೆದರೆ ಈ ಆಯಿತು, ನಾಲಿಗೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಇಂಗ್ಲಿಷಿನಲ್ಲಿ ನಾಲಿಗೆಯ ಜಾಗವೇ ಬೇರೆ. ಈ ಹಾಳೆಯ ಕೆಲಸವೆಲ್ಲ ಆ ಜಾಗ ಹುಡುಕುವುದೇ.

1. ಬಾಯಿ

ಕನ್ನಡಿ ಮುಂದೆ ಕೂತು 'ಈ' ಅನ್ನಿ. ತುಟಿ ಅಗಲ ಆಯಿತು, ಕೆನ್ನೆ ಬಿಗಿಯಾಯಿತು ಅಲ್ವಾ? ಇಂಗ್ಲಿಷಿನ ದೀರ್ಘಕ್ಕೆ ಇದು ಸರಿ. ಈಗ ಗದ್ದದ ಕೆಳಗೆ ಒಂದು ಬೆರಳು ಇಟ್ಟುಕೊಂಡು, ಉಸಿರು ನಿಲ್ಲಿಸದೆ 'ಈ'ಯಿಂದ 'ಎ'ಗೆ ನಿಧಾನವಾಗಿ ಜಾರಿ: ಈ… ಎ. ಗದ್ದ ಇಳಿಯುವುದು ಬೆರಳಿಗೆ ಗೊತ್ತಾಗುತ್ತದೆ. ಮತ್ತೆ ಶುರು ಮಾಡಿ, ಈ ಸಲ ಅರ್ಧ ದಾರಿಯಲ್ಲಿ ನಿಲ್ಲಿಸಿ. ತುಟಿ ಸಡಿಲ ಬಿಡಿ. ಅಲ್ಲಿ ಸಿಕ್ಕಿದ್ದು ಇಂಗ್ಲಿಷಿನ ಹ್ರಸ್ವ ಇ. ನಮ್ಮ ಇ ಗಿಂತ ಸ್ವಲ್ಪ ಕೆಳಗೆ, ಸ್ವಲ್ಪ ಹಿಂದೆ.

ಪೂರ್ತಿ 'ಎ' ತನಕ ಹೋಗಬೇಡಿ, ಅಲ್ಲಿ ಬೇರೆ ಪದ ಕಾದಿದೆ. ಮೂರೂ ಮೆಟ್ಟಿಲು ಇಳಿದು ನೋಡಿ:

ಸೀಟ್ – ಸಿಟ್ – ಸೆಟ್
ಬೀಟ್ – ಬಿಟ್ – ಬೆಟ್
ಫೀಲ್ – ಫಿಲ್ – ಫೆಲ್

ಮೇಲಿಂದ ಕೆಳಗೆ, ಆಮೇಲೆ ಕೆಳಗಿಂದ ಮೇಲೆ. ಅವಸರ ಬೇಡ. ಮಧ್ಯದ್ದು ಮೇಲಿನದಕ್ಕೂ ಅಂಟಬಾರದು, ಕೆಳಗಿನದಕ್ಕೂ ಅಂಟಬಾರದು.

ಊ ಕೂಡ ಹೀಗೇ. 'ಊ' ಅಂದಾಗ ತುಟಿ ಚಿಕ್ಕದಾಗಿ ಮುಂದೆ ಬರುತ್ತದೆ. ಅಲ್ಲಿಂದ 'ಒ' ಕಡೆಗೆ ಜಾರಿ, ಅರ್ಧದಲ್ಲಿ ನಿಂತು, ತುಟಿ ಸಡಿಲ ಮಾಡಿ. ಅದೇ ಹ್ರಸ್ವ ಉ.

2. ಇ–ಈ ಜೋಡಿಗಳು

ಓದುವವರು ಪ್ರತಿ ಜೋಡಿಯನ್ನು ಎರಡು ಸಲ ಓದಿ, ಕೇಳುವವರು ಜೊತೆಗೆ ಹೇಳಿ.

ಸಿಟ್ (ಕೂರು) – ಸೀಟ್ (ಕೂರುವ ಜಾಗ)
ಫಿಲ್ (ತುಂಬು) – ಫೀಲ್ (ಅನಿಸು)
ಲಿವ್ (ವಾಸಿಸು) – ಲೀವ್ (ಹೊರಡು)
ಹಿಟ್ (ಹೊಡೆ) – ಹೀಟ್ (ಬಿಸಿ ಮಾಡು)
ಸ್ಲಿಪ್ (ಜಾರು) – ಸ್ಲೀಪ್ (ಮಲಗು)
ರಿಚ್ (ಶ್ರೀಮಂತ) – ರೀಚ್ (ತಲುಪು)
ಲಿಸ್ಟ್ (ಪಟ್ಟಿ) – ಲೀಸ್ಟ್ (ಎಲ್ಲಕ್ಕಿಂತ ಕಡಿಮೆ)
ಸ್ಟಿಲ್ (ಇನ್ನೂ) – ಸ್ಟೀಲ್ (ಉಕ್ಕು)
ಚಿಪ್ (ಚೂರು) – ಚೀಪ್ (ಅಗ್ಗ)
ಇಟ್ (ಅದು) – ಈಟ್ (ತಿನ್ನು)

ಓದುವಾಗ ಮೂರು ಕಡೆ ಎಚ್ಚರ ಇರಲಿ. ಒಂದು, ಕೊನೆಗೆ 'ಉ' ಸೇರಿಸಬೇಡಿ. ಹ್ರಸ್ವದ ಮುಂದಿನ ಅಕ್ಷರವನ್ನು ಒತ್ತಿ ಉ ಸೇರಿಸುವುದು ನಮಗೆ ಸಹಜ, ಬಸ್ ಬಸ್ಸಾದ ಹಾಗೆ. ಆದರೆ ಸಿಟ್ ಹೋಗಿ 'ಸಿಟ್ಟು' ಆದರೆ ಜೋಡಿಯೇ ಕೆಟ್ಟಿತು. ಟ್ ಅಂದ ಕೂಡಲೇ ನಿಲ್ಲಿಸಿ. ಎರಡು, 'ಈಟ್' ಅನ್ನು 'ಯೀಟ್' ಅನ್ನಬೇಡಿ. ಈ, ಎ ಥರದ ಸ್ವರದಿಂದ ಶುರುವಾಗುವ ಪದಕ್ಕೆ ಯ್ ಸೇರಿಸುವುದು ನಾಲಿಗೆಯ ರೂಢಿ. ಈಸ್ಟ್ ಅಂದರೆ ಪೂರ್ವ, ಯೀಸ್ಟ್ ಅಂದರೆ ಹಿಟ್ಟು ಉಬ್ಬಿಸುವುದು. ಮೂರು, ಹ್ರಸ್ವವನ್ನು ಕತ್ತರಿಸಿದ ಹಾಗೆ ಗಿಡ್ಡ ಮಾಡಬೇಡಿ. ಅದಕ್ಕೂ ಒಂದಿಷ್ಟು ಹೊತ್ತು ಕೊಡಿ.

ಮೂರನೆಯದು ಯಾಕೆ ಅಂದರೆ, ಇಂಗ್ಲಿಷಿನಲ್ಲಿ ಸ್ವರದ ಉದ್ದ ಮುಂದಿನ ವ್ಯಂಜನದ ಮೇಲೂ ನಿಂತಿದೆ. ಟ್, ಪ್, ಕ್, ಸ್ ಬಂದರೆ ಸ್ವರ ಗಿಡ್ಡ ಆಗುತ್ತದೆ. ಡ್, ಬ್, ಗ್ ಬಂದರೆ ಉದ್ದ ಆಗುತ್ತದೆ. ಈ ನಾಲ್ಕನ್ನು ಓದಿ:

ಬಿಟ್ – ಬಿಡ್ – ಬೀಟ್ – ಬೀಡ್

ಇಂಗ್ಲಿಷ್ ಮಾತೃಭಾಷೆಯವರ ಬಾಯಲ್ಲಿ 'ಬಿಡ್'ನ ಇ ಮತ್ತು 'ಬೀಟ್'ನ ಈ ಉದ್ದದಲ್ಲಿ ಹತ್ತಿರ ಹತ್ತಿರ. ಬರೀ ಉದ್ದ ಅಳೆದರೆ 'ಬೀಟ್' ಅಂದಿದ್ದು ನಿಮ್ಮ ಕಿವಿಗೆ 'ಬಿಟ್' ಅಂತ ಕೇಳಬಹುದು. ಅದಕ್ಕೇ ನಾಲಿಗೆಯ ಜಾಗಕ್ಕೆ ಇಷ್ಟು ಒತ್ತು ಕೊಡುತ್ತಿರುವುದು.

3. ಉ–ಊ ಜೋಡಿಗಳು

ಇಲ್ಲಿ ಜೋಡಿಗಳು ಕಡಿಮೆ, ಬಳಕೆಯಲ್ಲಿರುವುದು ಇನ್ನೂ ಕಡಿಮೆ.

ಪುಲ್ (ಎಳೆ) – ಪೂಲ್ (ಈಜುವ ಕೊಳ)
ಫುಲ್ (ತುಂಬಿದ) – ಫೂಲ್ (ದಡ್ಡ)
ಲುಕ್ (ನೋಡು) – ಲೂಕ್ (ಒಂದು ಹೆಸರು)
ಸುಟ್ (ಮಸಿ) – ಸೂಟ್ (ಕೋಟು, ಪ್ಯಾಂಟಿನ ಜೊತೆ)

ನಿಜವಾದ ತೊಂದರೆ ಕೊಡುವುದು ಸ್ಪೆಲಿಂಗ್. ಡಬಲ್ ಓ ಇದ್ದ ಮಾತ್ರಕ್ಕೆ ದೀರ್ಘ ಅಲ್ಲ. ಬುಕ್, ಕುಕ್, ಲುಕ್, ಟುಕ್, ಗುಡ್, ಫುಟ್, ವುಡ್, ಸ್ಟುಡ್: ಎಲ್ಲ ಹ್ರಸ್ವ. ಮೂನ್, ಸೂನ್, ಸ್ಪೂನ್, ಟೂಲ್, ಸ್ಕೂಲ್, ಫೂಡ್: ಎಲ್ಲ ದೀರ್ಘ. ಡಬಲ್ ಓ ಆದ ಮೇಲೆ ಕೆ ಬಂದರೆ ಸಾಮಾನ್ಯವಾಗಿ ಹ್ರಸ್ವ, ಇಷ್ಟು ಗುರುತು ಇಟ್ಟುಕೊಂಡರೆ ಸಾಕು. ಕನ್ನಡದಲ್ಲಿ 'ಫುಡ್' ಅಂತಲೇ ಬರೆಯುತ್ತೇವೆ, ಹೇಳುತ್ತೇವೆ. ಇಂಗ್ಲಿಷ್ ಮಾತಾಡುವಾಗ 'ಗುಡ್ ಫೂಡ್' ಅಂತ ಒಂದೇ ಉಸಿರಲ್ಲಿ ಹತ್ತು ಸಲ ಹೇಳಿ. ಮೊದಲನೆಯದಕ್ಕೆ ತುಟಿ ಸಡಿಲ, ಎರಡನೆಯದಕ್ಕೆ ಬಿಗಿ.

ಇ–ಈಯಲ್ಲೂ ಇಂಥ ಒಂದಿದೆ: ಮಿಷನ್ ಮತ್ತು ಮಶೀನ್. ಹೊಲಿಗೆ ಮಿಷನ್ ಅಂತ ಹೇಳಿ ಹೇಳಿ ರೂಢಿ. ಇಂಗ್ಲಿಷಿನಲ್ಲಿ ಮಿಷನ್ ಅಂದರೆ ಹೊತ್ತುಕೊಂಡ ಕೆಲಸ, ಯಂತ್ರ ಅಲ್ಲ. ಯಂತ್ರಕ್ಕೆ ಒತ್ತು ಎರಡನೇ ಭಾಗದ ಮೇಲೆ: ಮ-ಶೀನ್.

4. ಕೇಳಿ, ಉತ್ತರ ಕೊಡಿ

ಓದುವವರು ಪ್ರತಿ ಸಂಖ್ಯೆಯಲ್ಲಿ ಯಾವುದಾದರೂ ಒಂದು ವಾಕ್ಯ ಆರಿಸಿ ಓದಿ. ಕೇಳುವವರು ಕನ್ನಡದಲ್ಲಿ ಉತ್ತರ ಕೊಡಿ. ಉತ್ತರ ಹೊಂದದಿದ್ದರೆ ಮತ್ತೊಮ್ಮೆ. ತಪ್ಪು ಬಾಯಿಯದೋ ಕಿವಿಯದೋ ಅಂತ ಇಬ್ಬರೂ ಸೇರಿ ನೋಡಿ.

1 ಅ) ಡೋಂಟ್ ಸ್ಲಿಪ್. ಉತ್ತರ: ಹೌದು, ನೆಲ ಒದ್ದೆಯಾಗಿದೆ.
1 ಆ) ಡೋಂಟ್ ಸ್ಲೀಪ್. ಉತ್ತರ: ಇಲ್ಲ, ಎಚ್ಚರವಾಗಿದ್ದೇನೆ.

2 ಅ) ವೆನ್ ಡಿಡ್ ಯು ಲಿವ್ ಹಿಯರ್? ಉತ್ತರ: ಮದುವೆಗೆ ಮುಂಚೆ ಇದ್ದೆ.
2 ಆ) ವೆನ್ ಡಿಡ್ ಯು ಲೀವ್ ಹಿಯರ್? ಉತ್ತರ: ಬೆಳಿಗ್ಗೆ ಎಂಟಕ್ಕೆ ಹೊರಟೆ.

3 ಅ) ಕ್ಯಾನ್ ಯು ಹಿಟ್ ಇಟ್? ಉತ್ತರ: ಸುತ್ತಿಗೆ ಕೊಡಿ.
3 ಆ) ಕ್ಯಾನ್ ಯು ಹೀಟ್ ಇಟ್? ಉತ್ತರ: ಒಲೆ ಹಚ್ಚಿ.

4 ಅ) ಹೀ ಇಜ್ ನಾಟ್ ಫುಲ್. ಉತ್ತರ: ಇನ್ನೊಂದಿಷ್ಟು ಬಡಿಸಿ.
4 ಆ) ಹೀ ಇಜ್ ನಾಟ್ ಎ ಫೂಲ್. ಉತ್ತರ: ಗೊತ್ತು, ಬುದ್ಧಿವಂತ.

ನಾಲ್ಕನೆಯದರಲ್ಲಿ 'ಎ' ಇರುವುದರಿಂದ ಸುಳಿವು ಸಿಗುತ್ತದೆ, ನಿಜ. ಕಿವಿ ಪಳಗಿದ ಮೇಲೆ ಅದನ್ನು ಬಿಟ್ಟು ಬರೀ 'ಫುಲ್', 'ಫೂಲ್' ಅಂತ ಓದಿ.

5. ಎಲ್ಲ ಸೇರಿಸಿ

ಈ ಮಾತುಕತೆಯನ್ನು ಇಬ್ಬರೂ ಪಾತ್ರ ಹಂಚಿಕೊಂಡು ಓದಿ. ಆಫೀಸಿಗೆ ಹೊಸದಾಗಿ ಬಂದವರೊಬ್ಬರು, ಹಳಬರೊಬ್ಬರು.

ಹೊಸಬರು: ಎಕ್ಸ್‌ಕ್ಯೂಜ್ ಮೀ, ಇಜ್ ದಿಸ್ ಸೀಟ್ ಫ್ರೀ?
ಹಳಬರು: ಯೆಸ್, ಪ್ಲೀಸ್ ಸಿಟ್. ಡಿಡ್ ಯು ಫಿಲ್ ದಿಸ್ ಶೀಟ್?
ಹೊಸಬರು: ಸ್ಟಿಲ್ ಫಿಲಿಂಗ್ ಇಟ್. ಐ ಫೀಲ್ ಎ ಬಿಟ್ ಸ್ಲೀಪಿ.
ಹಳಬರು: ಲುಕ್, ದ ರೂಮ್ ಇಜ್ ಫುಲ್. ಪುಲ್ ದಟ್ ಸ್ಟೂಲ್. ವೀ ಲೀವ್ ಸೂನ್.

'ಎ ಬಿಟ್ ಸ್ಲೀಪಿ' ಬಂದಾಗ ನಾಲಿಗೆ ಕೆಳಗಿಂದ ಮೇಲಕ್ಕೆ ಹಾರಬೇಕು. ಅಲ್ಲಿ ಎಡವಿದರೆ ಆ ಎರಡೇ ಪದಗಳನ್ನು ಬೇರೆ ಮಾಡಿ ಹೇಳಿ, ಆಮೇಲೆ ವಾಕ್ಯಕ್ಕೆ ಸೇರಿಸಿ.

ಮನೆಗೆ: 2 ಮತ್ತು 3ನೇ ಭಾಗದ ಜೋಡಿಗಳನ್ನು ಕ್ರಮ ಕಲಸಿ, ಒಂದೊಂದೇ ಪದವಾಗಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಯಾವ ಕ್ರಮ ಅಂತ ಒಂದು ಚೀಟಿಯಲ್ಲಿ ಬರೆದು ಎತ್ತಿಡಿ. ಮಾರನೇ ದಿನ ಚೀಟಿ ನೋಡದೆ ಕೇಳಿ, ಕೇಳಿಸಿದ್ದನ್ನು ಬರೆಯಿರಿ, ಆಮೇಲೆ ಚೀಟಿಗೆ ಹೋಲಿಸಿ. ಹೊಂದದ ಪದಗಳನ್ನು ಮುಂದಿನ ತರಗತಿಗೆ ತನ್ನಿ, ಅಲ್ಲಿಂದಲೇ ಶುರು ಮಾಡೋಣ.