ಮಗಳ ಹಿಂದೂಸ್ತಾನಿ ಗಾಯನ ಕ್ಲಾಸ್, ರಾಯಚೂರು: ಐದಕ್ಕೆ ನಾಲ್ಕು

ಮಗಳಿಗೆ ಎಂಟು ವರ್ಷ. ಹೋದ ವರ್ಷ ಏಪ್ರಿಲ್‌ನಿಂದ ಈ ಕ್ಲಾಸಿಗೆ ಹೋಗುತ್ತಿದ್ದಾಳೆ, ಅಂದರೆ ಹದಿನಾಲ್ಕು ತಿಂಗಳಾಯಿತು. ವಾರಕ್ಕೆ ಮೂರು ದಿನ, ಒಂದೊಂದು ತಾಸು. ಫೀಸು ತಿಂಗಳಿಗೆ 800 ರೂಪಾಯಿ. ಮನೆಯಲ್ಲಿ ಹಾಡುವವರು ಯಾರೂ ಇಲ್ಲ. ಅತ್ತೆ ಮಾತ್ರ ದಾಸರ ಪದ ಹೇಳುತ್ತಾರೆ, ಅದೂ ರೊಟ್ಟಿ ಬಡಿಯುವಾಗ.

ಮೊದಲು ಸರ್ ಬಗ್ಗೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರು. ಆ ಶಿಸ್ತು ಪಾಠದಲ್ಲಿ ಕಾಣುತ್ತದೆ. ಮೊದಲ ಮೂರು ತಿಂಗಳು ಬರೀ ಸಾರೆಗ, ರೆಗಮ, ಗಮಪ. ಒಂದು ಹಾಡೂ ಇಲ್ಲ. ನಮ್ಮ ಮನೆಯವರು "ಇದಕ್ಕೇನಾ ದುಡ್ಡು ಕೊಡೋದು?" ಅಂತ ಕೇಳಿದ್ದೂ ಆಯಿತು. ಇದಕ್ಕೂ ಮೊದಲು ಕಳಿಸಿದ್ದ ಇನ್ನೊಂದು ಕಡೆ ಎರಡನೇ ವಾರಕ್ಕೇ ಸಿನಿಮಾ ಹಾಡು ಶುರುವಾಗಿತ್ತು. ಮಗಳು ಖುಷಿಯಾಗಿದ್ದಳು, ಸ್ವರ ಮಾತ್ರ ಒಂದೂ ನೆಲೆಯಲ್ಲಿ ನಿಲ್ಲುತ್ತಿರಲಿಲ್ಲ.

ಇಲ್ಲಿ ನನಗೆ ಬಹಳ ಹಿಡಿಸಿದ್ದು ಪೇಟಿ ಮುಚ್ಚಿ ಹಾಡಿಸುವುದು. ಹಾರ್ಮೋನಿಯಂ ಜೊತೆ ಹಾಡಿದರೆ ಮಕ್ಕಳು ಅದರ ಮೇಲೇ ಒರಗಿಬಿಡುತ್ತಾರೆ, ಅಲ್ವಾ? ಸರ್ ನಡುವೆ ಪೇಟಿ ನಿಲ್ಲಿಸಿ, ಮೊಬೈಲಿನಲ್ಲಿ ತಂಬೂರಿ ಮಾತ್ರ ಹಚ್ಚಿ, "ಈಗ ನೀನೊಬ್ಬಳೇ ಹಾಡು ಯವ್ವಾ" ಅನ್ನುತ್ತಾರೆ. ಬೈಯುವುದಿಲ್ಲ, ಕಿವಿ ಹಿಂಡುವುದಿಲ್ಲ. ತಪ್ಪಿದರೆ ತಾವೇ ಹಾಡಿ ತೋರಿಸಿ ಮತ್ತೆ ಹಾಡಿಸುತ್ತಾರೆ.

ಈಗ ಬ್ಯಾಚ್ ವಿಷಯ. ಒಂದು ಸ್ಟಾರ್ ಕಡಿಮೆಯಾಗಿದ್ದೇ ಇದರಿಂದ. ನಾವು ಸೇರಿದಾಗ ಏಳು ಮಕ್ಕಳು. ದಸರಾ ಕಾರ್ಯಕ್ರಮ ಚೆನ್ನಾಗಿ ಆಗಿದ್ದೇ ತಡ, ಹೆಸರು ಹಬ್ಬಿ ಸಂಜೆ ಆರರ ಬ್ಯಾಚಿಗೆ ಇಪ್ಪತ್ತೊಂದು ಮಕ್ಕಳಾದರು. ಕೋಣೆ ಅದೇ, ಜಮಖಾನೆ ಅದೇ, ಫ್ಯಾನು ಎರಡೇ. ನಮ್ಮೂರ ಬೇಸಿಗೆ ಗೊತ್ತಲ್ಲ, ಏಪ್ರಿಲ್‌ನಲ್ಲಿ ಹಿಂದಿನ ಸಾಲಿನ ಮಕ್ಕಳು ಪುಸ್ತಕದಿಂದ ಗಾಳಿ ಹಾಕಿಕೊಳ್ಳುತ್ತ ಕೂತಿರುತ್ತಿದ್ದರು. ಐದು ವರ್ಷದವರೂ ಹದಿಮೂರರವರೂ ಒಂದೇ ಬ್ಯಾಚು.

ಸೆಕೆ ತಡೆಯಬಹುದು. ತಪ್ಪು ಯಾರ ಕಿವಿಗೂ ಬೀಳದಿರುವುದು ದೊಡ್ಡ ತೊಂದರೆ. ಆಗ ಭೂಪ್ ರಾಗ ನಡೆಯುತ್ತಿತ್ತು. ಭೂಪ್‌ನಲ್ಲಿ ಮ ಇಲ್ಲ, ನಿ ಇಲ್ಲ. ಇಳಿಯುವಾಗ ಪ ಆದಮೇಲೆ ನೇರ ಗ. ನಮ್ಮವಳು ಪ-ಮ-ಗ ಅಂತ ಜಾರುತ್ತಿದ್ದಳು. ಇಪ್ಪತ್ತೊಂದು ದನಿ ಒಟ್ಟಿಗೆ ಹಾಡುವಾಗ ಎಲ್ಲಿ ಕೇಳಬೇಕು? ಎರಡು ವಾರ ಹಾಗೇ ನಡೆಯಿತು. ಒಂದು ರಾತ್ರಿ ಕರೆಂಟ್ ಹೋದಾಗ ಸುಮ್ನೆ ಹಾಡಲು ಹೇಳಿದೆ. ನನಗೆ ರಾಗ ಗೊತ್ತಿಲ್ಲ, ಆದರೆ ಅವಳ ನೋಟ್ ಪುಸ್ತಕದಲ್ಲಿ ಮ ಇಲ್ಲ, ಬಾಯಲ್ಲಿ ಇದೆ! ರೆಕಾರ್ಡ್ ಮಾಡಿಕೊಂಡು ಹೋಗಿ ಕೇಳಿಸಿದೆ. ಸರ್ ಮುಜುಗರಪಟ್ಟರು, ಆದರೆ ಜಾರಿಕೊಳ್ಳಲಿಲ್ಲ. ಅವತ್ತು ಕ್ಲಾಸ್ ಮುಗಿದ ಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಈ ಮನೆಗೆ ಮ ಅನ್ನೋನ್ನ ಕರೆದೇ ಇಲ್ಲಲ್ಲ, ಯಾಕ ಬಂದಾನ?" ಅಂದರು. ಮಗಳು ನಕ್ಕಳು. ಇಪ್ಪತ್ತು ನಿಮಿಷದಲ್ಲಿ ಸರಿಯಾಯಿತು. ಆ ಇಪ್ಪತ್ತು ನಿಮಿಷ ಪ್ರತಿ ಮಗುವಿಗೂ ವಾರಕ್ಕೊಮ್ಮೆಯಾದರೂ ಸಿಗಬೇಕು ಅನ್ನುವುದೇ ನನ್ನ ತಕರಾರು.

ಅದಾದ ಮೇಲೆ ನಾವು ಬೆಳಿಗ್ಗೆ ಆರೂವರೆಯ ಬ್ಯಾಚಿಗೆ ಬದಲಾಯಿಸಿದೆವು. ಅಲ್ಲಿ ಆರೇ ಮಕ್ಕಳು. ಅಷ್ಟು ಬೇಗ ಎಬ್ಬಿಸುವುದು ಒಂದು ಯುದ್ಧವೇ, ಆದರೆ ವ್ಯತ್ಯಾಸ ತಿಂಗಳೊಳಗೆ ಕಂಡಿತು. ಪ್ರತಿಯೊಬ್ಬರೂ ಒಬ್ಬೊಬ್ಬರೇ ಹಾಡಬೇಕು, ತಪ್ಪಿಸಿಕೊಳ್ಳಲು ದಾರಿ ಇಲ್ಲ. ಈಗ ಭೂಪ್ ಮತ್ತು ದುರ್ಗಾ ಎರಡು ರಾಗದಲ್ಲೂ ಒಂದೊಂದು ಛೋಟಾ ಖ್ಯಾಲ್, ಅಂದರೆ ಚುರುಕು ಲಯದ ಚಿಕ್ಕ ರಚನೆ, ಬರುತ್ತದೆ. ತೀನ್‌ತಾಲದ ಹದಿನಾರು ಮಾತ್ರೆ ಕೈಯಲ್ಲಿ ಹಾಕುತ್ತ, ಒಂಬತ್ತಕ್ಕೆ ಚಪ್ಪಾಳೆ ಇಲ್ಲದ ಖಾಲಿ ತೋರಿಸಿ, ತಪ್ಪದೆ ಸಮಕ್ಕೆ, ಅಂದರೆ ಮೊದಲ ಮಾತ್ರೆಗೆ, ಬರುತ್ತಾಳೆ. ಸ್ವರಗಳನ್ನು ವೇಗವಾಗಿ ಓಡಿಸುವ ತಾನ್ ಇನ್ನೂ ತೊದಲುತ್ತದೆ. ರೊಟ್ಟಿ ಬಡಿಯುವ ಅತ್ತೆಗೆ "ಅಜ್ಜಿ, ತಾಳ ತಪ್ಪಿತು" ಅನ್ನುವಷ್ಟು ಜೋರಾಗಿದ್ದಾಳೆ, ಅದನ್ನೂ ಪ್ರಗತಿ ಅಂತಲೇ ಬರೆದುಕೊಳ್ಳಿ.

ಪರೀಕ್ಷೆಗೆ ಸರ್ ಅವಸರ ಮಾಡುವುದಿಲ್ಲ. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕಕ್ಕೆ ಈ ವರ್ಷ ಕಟ್ಟಿಸೋಣವೇ ಅಂತ ಕೇಳಿದ್ದಕ್ಕೆ, "ಕಟ್ಟಬಹುದು, ಆದರೆ ಸಾ ಗಟ್ಟಿಯಾಗಲಿ" ಅಂದರು. ಸರ್ಟಿಫಿಕೇಟ್ ಬೇಗ ಬೇಕು ಅನ್ನುವವರಿಗೆ ಇದು ಹಿಡಿಸಲಿಕ್ಕಿಲ್ಲ.

ಸಣ್ಣಪುಟ್ಟದ್ದು: ರಜೆ ಇದ್ದರೆ ವಾಟ್ಸಾಪ್‌ನಲ್ಲಿ ತಿಳಿಸುತ್ತಾರೆ, ಕೆಲವೊಮ್ಮೆ ನಾವು ಬಾಗಿಲಿಗೆ ಹೋದಮೇಲೆ. ಮದುವೆ ಸೀಸನ್‌ನಲ್ಲಿ ಅವರಿಗೆ ಕಾರ್ಯಕ್ರಮ ಜಾಸ್ತಿ, ತಪ್ಪಿದ ಕ್ಲಾಸ್ ಭಾನುವಾರ ತೆಗೆದುಕೊಳ್ಳುತ್ತಾರೆ.

ಸೇರಿಸುವುದಾದರೆ ಬೆಳಗಿನ ಬ್ಯಾಚೇ ಕೇಳಿ. ಸಂಜೆ ಬ್ಯಾಚನ್ನು ವಯಸ್ಸಿನ ಮೇಲೆ ಎರಡು ಮಾಡುತ್ತೇನೆ ಅಂತ ಸರ್ ಹೇಳಿದ್ದಾರೆ. ಮಾಡಿದ ದಿನ ಆ ಐದನೇ ಸ್ಟಾರ್ ಹಾಕುತ್ತೇನೆ.