ಕುವೆಂಪುನಗರದ ಮನೆ: ಕೆಳಗಿನ ಬಾತ್‌ರೂಮ್ ಮತ್ತು ರ‍್ಯಾಂಪ್ ಬದಲಾವಣೆ, ಖರ್ಚು, ದಿನ

ಮಂಜಣ್ಣ ಅವರಿಗೆ ನಮಸ್ಕಾರ,

ನಿನ್ನೆ ಸೈಟಿನಲ್ಲಿ ಮಾತಾಡಿದ್ದನ್ನು ಬರೆದು ಕಳಿಸುತ್ತಿದ್ದೇನೆ. ನೀವು ಒಪ್ಪಿ ಉತ್ತರ ಕೊಡುವ ತನಕ ಕೆಳಗಿನ ಬಾತ್‌ರೂಮಿಗೆ ಟೈಲ್ಸ್ ಹಾಕಿಸಬೇಡಿ, ಗೋಡೆಯನ್ನೂ ಒಡೆಸಬೇಡಿ. ಮೇಲಿನ ಮಹಡಿಯ ಕೆಲಸ ನಡೆಯಲಿ.

ಅಮ್ಮನಿಗೆ ಸೊಂಟದ ಆಪರೇಷನ್ ಆಗಿರುವುದು ನಿಮಗೆ ಗೊತ್ತೇ ಇದೆ. ಇನ್ನು ಅವರು ವಾಕರ್ ಹಿಡಿದೇ ಓಡಾಡಬೇಕು. ಈಗಿನ ಎರಡೂವರೆ ಅಡಿ ಬಾಗಿಲಲ್ಲಿ ಚೌಕಟ್ಟು ಕಳೆದರೆ ಉಳಿಯುವುದು 25 ಇಂಚು. ವಾಕರ್ ತಂದು ನೋಡಿದೆ, ಎರಡೂ ಕಡೆ ತಾಗುತ್ತದೆ.

ಹಾಗಾಗಿ ಸ್ಟೋರ್ ರೂಮಿನಿಂದ 2 ಅಡಿ ತೆಗೆದುಕೊಂಡು ಬಾತ್‌ರೂಮನ್ನು 4x7ರ ಬದಲು 6x7 ಮಾಡಬೇಕು. ಬಾಗಿಲು 3 ಅಡಿ. ನಡುವಿನ 4 ಇಂಚಿನ ಗೋಡೆ ಮೇಲೆ ಭಾರ ಇಲ್ಲ, ತೆಗೆಯಬಹುದು ಎಂದು ಇಂಜಿನಿಯರ್ ನೋಡಿ ಹೇಳಿದ್ದಾರೆ. ಪಕ್ಕದ ಪ್ಯಾಸೇಜಿನಲ್ಲಿ ರ‍್ಯಾಂಪ್ ಬೇಕು. 10 ಅಡಿ ಸಾಕು ಅಂದಿರಿ, ಆದರೆ ನಮ್ಮ ಪ್ಲಿಂತ್ ಒಂದೂವರೆ ಅಡಿ. ಅಡಿ ಎತ್ತರಕ್ಕೆ 12 ಅಡಿ ಉದ್ದದ ಲೆಕ್ಕದಲ್ಲಿ 18 ಅಡಿ ಆಗಬೇಕು. ಇದರಲ್ಲಿ ದಯವಿಟ್ಟು ಕಡಿಮೆ ಮಾಡಬೇಡಿ. ಕಡಿದಾದರೆ ಅಮ್ಮ ಇಳಿಯುವಾಗ ಮತ್ತೆ ಬೀಳುತ್ತಾರೆ ಅನ್ನೋ ಭಯ ನನಗಿದೆ.

ನೀವು ಕೊಟ್ಟ ರೇಟಿನ ಪ್ರಕಾರ ಲೆಕ್ಕ ಹೀಗಿದೆ. ಗೋಡೆ ಒಡೆದು ಡೆಬ್ರಿಸ್ ಸಾಗಿಸಲು ₹9,000. ಹೊಸ ಗೋಡೆ, ಪ್ಲಾಸ್ಟರ್ ಸೇರಿ 70 ಚದರಡಿಗೆ ₹160ರಂತೆ ₹11,200. ಚೌಕಟ್ಟು, ಬಾಗಿಲು ₹6,500. ಲಿಂಟಲ್ ₹4,000. ಕಮೋಡ್ ಪೈಪ್ ಸರಿಸಿ ವಾಟರ್‌ಪ್ರೂಫಿಂಗ್ ಮಾಡಲು ₹5,500. ಜಾಸ್ತಿ ಟೈಲ್ಸ್ 42 ಚದರಡಿಗೆ ₹110ರಂತೆ ₹4,620. ರೇಲಿಂಗ್ ಸಮೇತ ರ‍್ಯಾಂಪ್ ₹28,000. ಒಟ್ಟು ₹68,820. ಸ್ಟೋರ್ ರೂಮಿನ ಸಜ್ಜ ಈಗ ಬೇಡ, ಅದರ ₹7,500 ಕಳೆದರೆ ₹61,320. ಅಲ್ಲಿಗೆ ₹25,20,000 ಇದ್ದ ಒಪ್ಪಂದ ₹25,81,320 ಆಗುತ್ತದೆ. ಲೇಬರ್, ಮೆಟೀರಿಯಲ್ ಎರಡೂ ಇದರಲ್ಲೇ ಸೇರಿವೆ.

ಒಡೆಯಲು 2 ದಿನ, ಗೋಡೆ-ಲಿಂಟಲ್‌ಗೆ 2, ಕ್ಯೂರಿಂಗ್‌ಗೆ 5, ಪೈಪ್ ಮತ್ತು ಪ್ಲಾಸ್ಟರಿಗೆ 3. ಒಟ್ಟು 12 ದಿನ. ರ‍್ಯಾಂಪ್ ಕೆಲಸ ಪೇಂಟಿಂಗ್ ಜೊತೆಗೇ ಆಗುವುದರಿಂದ ಅದಕ್ಕೆ ಬೇರೆ ದಿನ ಬೇಡ ಅಂದಿದ್ದೀರಿ. ಮನೆ ಬಿಟ್ಟುಕೊಡುವ ದಿನ ಮಾರ್ಚ್ 10ರ ಬದಲು ಮಾರ್ಚ್ 22. ಬದಲಾವಣೆ ಕೇಳಿದ್ದು ನಾವು. ತಡವಾದರೆ ದಿನಕ್ಕೆ ₹1,000 ಹಿಡಿಯುವ ಷರತ್ತು ಈ 12 ದಿನಕ್ಕೆ ಅನ್ವಯಿಸುವುದಿಲ್ಲ, 22ರ ನಂತರವೇ ಲೆಕ್ಕ.

ಕೆಲಸ ಶುರುವಾದ ದಿನ ₹30,660 ಕೊಡುತ್ತೇನೆ. ಉಳಿದರ್ಧ ಟೈಲ್ಸ್ ಮತ್ತು ರ‍್ಯಾಂಪ್ ಮುಗಿದ ಮೇಲೆ. ಪೈಪ್ ಮುಚ್ಚುವ ಮೊದಲು ಫೋಟೋ ತೆಗೆದು ಕಳಿಸಿ. ವಾಟರ್‌ಪ್ರೂಫಿಂಗ್ ಆದ ಮೇಲೆ 24 ಗಂಟೆ ನೀರು ನಿಲ್ಲಿಸಿ ನೋಡೋಣ. ಒಡೆಯುವಾಗ ಬೇರೆ ಖರ್ಚು ಕಂಡರೆ ಮೊದಲು ಫೋನ್ ಮಾಡಿ. ನಾನು ಬರೆದು ಒಪ್ಪಿದ ಮೇಲೆ ಮುಂದುವರಿಸಿ.

ಲೆಕ್ಕದಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಈಗಲೇ ಹೇಳಿ. ಸರಿ ಇದ್ದರೆ ಶುಕ್ರವಾರ ಸಂಜೆಯೊಳಗೆ ‘ಒಪ್ಪಿದ್ದೇನೆ’ ಎಂದು ಇದಕ್ಕೇ ಉತ್ತರ ಹಾಕಿ. ಸೋಮವಾರ ಬೆಳಿಗ್ಗೆ ಗೋಡೆ ಮೇಲೆ ಮಾರ್ಕಿಂಗ್ ಮಾಡುವಾಗ ನಾನೂ ಇರುತ್ತೇನೆ.

ಶೋಭಾ